ಹಾಕಿದ 20 ಲಕ್ಷ ವಾಪಸ್ ಬರುವ ತನಕ ಮಷಿನ್ ನಡೆಸಬೇಕಾ?

ಪ್ರಶ್ನೆ: ನಮ್ಮದು ಸಣ್ಣ ಪ್ರಿಂಟಿಂಗ್ ಯೂನಿಟ್. ಎರಡು ವರ್ಷದ ಹಿಂದೆ ಅಣ್ಣ ಹೇಳಿದ್ದಕ್ಕೆ 20 ಲಕ್ಷ ಕೊಟ್ಟು ರಟ್ಟಿನ ಬಾಕ್ಸ್ ಮಾಡೋ ಮಷಿನ್ ತಗೊಂಡ್ವಿ. ವರ್ಷಕ್ಕೆ 40 ಲಕ್ಷದ ಕೆಲಸ ಬರುತ್ತೆ ಅಂದುಕೊಂಡಿದ್ವಿ, ಬರ್ತಿರೋದು 24. ಈಗ ಮಾರಿದರೆ 6 ಲಕ್ಷ ಸಿಗುತ್ತೆ, ಪುಸ್ತಕದಲ್ಲಿ ಅದರ ಬೆಲೆ 12 ಲಕ್ಷ ಇದೆ. ಸಾಲ ಇನ್ನೂ ಬಾಕಿ ಇದೆ. ಬಾಕ್ಸ್ ಕೆಲಸ ವರ್ಷಕ್ಕೆ 1 ಲಕ್ಷ ನಷ್ಟ ಅಂತ ಅಕೌಂಟೆಂಟ್ ಹೇಳ್ತಾರೆ. ಹಾಕಿದ ದುಡ್ಡು ಬರೋ ತನಕ ನಡೆಸಲೇಬೇಕು ಅಂತ ಅಣ್ಣ. ಎರಡೂ ಮಷಿನ್‌ಗೆ ಆಪರೇಟರ್ ಒಬ್ಬನೇ. ವಾರದಲ್ಲಿ 3 ದಿನ ಬಾಕ್ಸ್, 3 ದಿನ ಪ್ರಿಂಟಿಂಗ್. ಇನ್ನೊಬ್ಬ ಸಿಕ್ತಿಲ್ಲ. ಪ್ರಿಂಟಿಂಗ್ ಆರ್ಡರ್ ಕೆಲವು ಬಿಡ್ತಾ ಇದ್ದೀವಿ. ಮಾರೋದಾ, ನಡೆಸೋದಾ? ಖರ್ಚಿನ ಪಟ್ಟಿ, ಬಿಲ್, ಉಳಿದ ವಿವರ ಜೊತೆಗಿದೆ.

ಉತ್ತರ: ನೀವು ಕಳಿಸಿದ ಪಟ್ಟಿ ನೋಡಿದ ಮೇಲೆ ಒಂದು ಮಾತು ಮೊದಲೇ ಹೇಳುತ್ತೇನೆ. ಅಣ್ಣನ ಕಾರಣವೂ ಸರಿಯಿಲ್ಲ, ಅಕೌಂಟೆಂಟ್ ಲೆಕ್ಕವೂ ಈ ತೀರ್ಮಾನಕ್ಕೆ ಕೆಲಸಕ್ಕೆ ಬರುವುದಿಲ್ಲ. ಇಬ್ಬರೂ ಹಿಂದೆ ಆಗಿಹೋದ ಖರ್ಚನ್ನು ಮುಂದಿನ ಲೆಕ್ಕಕ್ಕೆ ಎಳೆದು ತಂದಿದ್ದಾರೆ. ಆಪರೇಟರ್ ಬಗ್ಗೆ ನೀವು ಸುಮ್ನೆ ಕೊನೆಯಲ್ಲಿ ಸೇರಿಸಿದ ಎರಡು ಸಾಲೇ ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಮೊದಲು ಆ 20 ಲಕ್ಷ. ಮಷಿನ್ ಮಾರಿದರೂ ಅದು ಹೋಗಿದೆ, ಇಟ್ಟುಕೊಂಡರೂ ಹೋಗಿದೆ. ಯಾವ ದಾರಿ ಹಿಡಿದರೂ ಬದಲಾಗದ ಖರ್ಚನ್ನು ಎರಡೂ ಕಡೆ ಬರೆದರೆ ಎರಡೂ ಕಡೆ ಹೊಡೆದುಹೋಗುತ್ತದೆ. ಇದನ್ನೇ ಸಂಕ್ ಕಾಸ್ಟ್, ಅಂದರೆ ಮುಳುಗಿದ ವೆಚ್ಚ ಅನ್ನುತ್ತಾರೆ. ನಿಮ್ಮ ಸಾಲದ ಕಂತೂ ಇದೇ ಜಾತಿಗೆ ಸೇರಿದ್ದು. ಮಷಿನ್ ಹೋದ ಮಾತ್ರಕ್ಕೆ ಬ್ಯಾಂಕ್ ಸಾಲ ಮನ್ನಾ ಮಾಡುವುದಿಲ್ಲ ಅಲ್ವಾ? "ಕಂತು ಕಟ್ಟಬೇಕು, ಅದಕ್ಕೇ ನಡೆಸಬೇಕು" ಅನ್ನುವ ಮಾತಿನಲ್ಲಿ ಹುರುಳಿಲ್ಲ. ಕಂತು ಕಟ್ಟಲು ದುಡ್ಡು ಬೇಕು, ನಿಜ. ಆ ದುಡ್ಡು ಯಾವ ದಾರಿಯಲ್ಲಿ ಜಾಸ್ತಿ ಬರುತ್ತದೆ ಅನ್ನುವುದೇ ಪ್ರಶ್ನೆ.

ಅಣ್ಣನ ಜೊತೆ ಕೂತಾಗ ಹೀಗೆ ಕೇಳಿ ನೋಡಿ. ಇದೇ ಮಷಿನ್ ನಿಮಗೆ 5 ಲಕ್ಷಕ್ಕೆ ಸಿಕ್ಕಿತ್ತು ಅಂದುಕೊಳ್ಳಿ. ಇಲ್ಲ, 50 ಲಕ್ಷ ಕೊಟ್ಟಿದ್ದಿರಿ ಅಂದುಕೊಳ್ಳಿ. ನಾಳೆಯಿಂದ ಅದರಲ್ಲಿ ಬರುವ ಕೆಲಸ ಬದಲಾಗುತ್ತದಾ? ಕರೆಂಟ್ ಬಿಲ್ ಬದಲಾಗುತ್ತದಾ? ಮಾರಿದರೆ ಸಿಗುವ 6 ಲಕ್ಷ ಬದಲಾಗುತ್ತದಾ? ಒಂದೂ ಬದಲಾಗುವುದಿಲ್ಲ. ಹಾಗಿದ್ದ ಮೇಲೆ ತೀರ್ಮಾನವೂ ಬದಲಾಗಬಾರದು.

ಪುಸ್ತಕದ 12 ಲಕ್ಷವೂ ಹೀಗೆಯೇ. 6ಕ್ಕೆ ಮಾರಿದರೆ ಲೆಕ್ಕದಲ್ಲಿ 6 ಲಕ್ಷ ನಷ್ಟ ಕಾಣುತ್ತದೆ, ಅದನ್ನು ನೋಡಿ ಬಹಳ ಜನ ಕೈ ಹಿಂದೆಗೆಯುತ್ತಾರೆ. ಆದರೆ ಆ ನಷ್ಟ ಮಾರುವ ದಿನ ಆಗುವುದಲ್ಲ, ಮಾರುಕಟ್ಟೆಯಲ್ಲಿ ಬೆಲೆ ಇಳಿದಾಗಲೇ ಆಗಿದೆ. ಪುಸ್ತಕದ ಬೆಲೆ ನಿಮ್ಮ ಕೈಗೆ ಬರುವ ದುಡ್ಡನ್ನು ಮುಟ್ಟುವುದು ತೆರಿಗೆಯ ಮೂಲಕ ಮಾತ್ರ. ಅದೆಷ್ಟು ಅನ್ನುವುದನ್ನು ಆಡಿಟರ್ ಹತ್ತಿರ ಒಂದು ಸಲ ಕೇಳಿಕೊಳ್ಳಿ.

ಆದರೆ ಮಷಿನ್ನಿನ ದುಡ್ಡೆಲ್ಲ ಮುಳುಗಿಲ್ಲ. ಈ 6 ಲಕ್ಷ ಇನ್ನೂ ಜೀವಂತವಾಗಿದೆ. ಇವತ್ತು ಮಾರಿದರೆ ಸಿಗುವ ದುಡ್ಡನ್ನು ಬೇಡ ಅಂದು ನೀವು ಮಷಿನ್ ಇಟ್ಟುಕೊಂಡಿದ್ದೀರಿ. ಹೀಗೆ ಒಂದು ದಾರಿ ಹಿಡಿದದ್ದಕ್ಕೆ ಕೈಬಿಟ್ಟುಹೋಗುವ ಇನ್ನೊಂದು ಒಳ್ಳೆಯ ದಾರಿಯ ಲಾಭವೇ ಅವಕಾಶ ವೆಚ್ಚ. ಸಂಕ್ ಕಾಸ್ಟ್ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ, ಆದರೆ ಲೆಕ್ಕಕ್ಕೆ ಬೇಡ. ಅವಕಾಶ ವೆಚ್ಚ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಆದರೆ ಲೆಕ್ಕಕ್ಕೆ ಬೇಕೇ ಬೇಕು. ಯಾರೂ ಅದಕ್ಕೆ ಬಿಲ್ ಕಳಿಸುವುದಿಲ್ಲ, ಆದ್ದರಿಂದಲೇ ಅದು ಕಣ್ಣು ತಪ್ಪುತ್ತದೆ.

ಈಗ ಅಕೌಂಟೆಂಟ್ ಕೊಟ್ಟ ಪಟ್ಟಿ. ಬಾಕ್ಸ್ ಕೆಲಸದಿಂದ ಬಂದದ್ದು 24 ಲಕ್ಷ. ಖರ್ಚಿನ ಕಡೆ ಬೋರ್ಡ್, ಅಂಟು, ಆಕಾರಕ್ಕೆ ಕತ್ತರಿಸುವ ಡೈ ಎಲ್ಲ ಸೇರಿ 13 ಲಕ್ಷ. ಸಂಬಳ 4 ಲಕ್ಷ, ಇದರಲ್ಲಿ ಹೆಲ್ಪರ್‌ಗೆ ಒಂದೂವರೆ, ಆಪರೇಟರ್ ಸಂಬಳದ ಅರ್ಧ ಎರಡೂವರೆ. ಕರೆಂಟು, ರಿಪೇರಿ 2. ಆಫೀಸ್ ಖರ್ಚಿನ ಪಾಲು 2. ಸವಕಳಿ 4. ಒಟ್ಟು 25, ಅಂದರೆ 1 ಲಕ್ಷ ನಷ್ಟ. ವರ್ಷದ ಲಾಭ ನಷ್ಟ ತೋರಿಸಲು ಈ ಪಟ್ಟಿ ಸರಿಯಾಗಿಯೇ ಇದೆ. ಮಾರಬೇಕಾ ಅಂತ ಕೇಳಿದಾಗ ಮಾತ್ರ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಬೇಕು: ಮಷಿನ್ ಹೋದರೆ ಈ ಖರ್ಚು ನಿಲ್ಲುತ್ತದಾ?

ಬೋರ್ಡು, ಅಂಟು ನಿಲ್ಲುತ್ತದೆ. ಕರೆಂಟು, ರಿಪೇರಿ ನಿಲ್ಲುತ್ತದೆ. ಹೆಲ್ಪರ್ ಬರೀ ಬಾಕ್ಸ್ ಕೆಲಸಕ್ಕೇ ಇರುವವರು, ಅವರಿಗೆ ಬೇರೆ ಕೆಲಸ ಕೊಡುವ ಯೋಚನೆ ಇಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಆ ಒಂದೂವರೆಯೂ ನಿಲ್ಲುತ್ತದೆ. ಆಫೀಸ್ ಖರ್ಚು? ಅಕೌಂಟೆಂಟ್ ಹಂಚಿ ಹಾಕಿದ ಪಾಲು ಅದು. ಮಷಿನ್ ಹೋದರೆ ಆ 2 ಲಕ್ಷ ಪ್ರಿಂಟಿಂಗ್ ತಲೆಗೆ ಬೀಳುತ್ತದೆ, ಕಡಿಮೆ ಆಗುವುದಿಲ್ಲ. ಸವಕಳಿ ಅಂದರೆ ಹಳೆಯ 20 ಲಕ್ಷವನ್ನೇ ವರ್ಷ ವರ್ಷ ತುಂಡು ಮಾಡಿ ಬರೆಯುವುದು, ಮುಳುಗಿದ ದುಡ್ಡೇ ಬೇರೆ ಹೆಸರಿನಲ್ಲಿ ವಾಪಸ್ ಬಂದಿದೆ. ಇನ್ನು ಆಪರೇಟರ್ ನಿಮ್ಮಲ್ಲೇ ಇರುತ್ತಾನೆ, ಅವನ ಪೂರ್ತಿ ಸಂಬಳ ಕೊಡುತ್ತೀರಿ. ಆ ಎರಡೂವರೆಯೂ ನಿಲ್ಲುವುದಿಲ್ಲ.

ಹಾಗಾದರೆ ಮಷಿನ್ ಜೊತೆಗೇ ನಿಲ್ಲುವ ಖರ್ಚು 13, ಒಂದೂವರೆ, 2, ಒಟ್ಟು ಹದಿನಾರೂವರೆ ಲಕ್ಷ. 24ರಲ್ಲಿ ಇದು ಕಳೆದರೆ ಏಳೂವರೆ ಲಕ್ಷ. ನಷ್ಟ ಅಂತ ಕಂಡ ಮಷಿನ್ ಈಗ ಕೈಗೆ ಏಳೂವರೆ ಲಕ್ಷ ಕೊಡುತ್ತಿರುವ ಹಾಗೆ ಕಾಣುತ್ತದೆ. ಅಣ್ಣ ಗೆದ್ದರು ಅನ್ನಿಸಬಹುದು. ಆದರೆ ಇಲ್ಲಿ ನಿಲ್ಲಿಸಿದರೆ ಲೆಕ್ಕ ಅರ್ಧ ಮಾತ್ರ ಆದ ಹಾಗೆ. ಬೇಡದ ಖರ್ಚು ತೆಗೆದೆವು, ಇನ್ನು ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಬೇಕು.

ಇವತ್ತು 6ಕ್ಕೆ ಹೋಗುವ ಮಷಿನ್ ಮುಂದಿನ ವರ್ಷ ನಾಲ್ಕೂವರೆಗೆ ಹೋಗಬಹುದು ಅಂತ ಕೊಳ್ಳುವವರು ಹೇಳಿದ್ದಾರೆ ಅಂದಿರಿ. ಈ ಒಂದೂವರೆ ಲಕ್ಷ ಇನ್ನೊಂದು ವರ್ಷ ನಡೆಸುವುದರ ನಿಜವಾದ ಖರ್ಚು. ಸವಕಳಿಯ ಜಾಗದಲ್ಲಿ ಬರಬೇಕಾದ ಅಂಕಿ ಇದು. ಇನ್ನೊಂದು, 6 ಲಕ್ಷ ಕೈಗೆ ಬಂದರೆ ಬ್ಯಾಂಕಿನ ಓವರ್‌ಡ್ರಾಫ್ಟ್, ಅಂದರೆ ಓಡಿ ಸಾಲಕ್ಕೆ ಕಟ್ಟುತ್ತೀರಿ. ನಿಮ್ಮ ಬಡ್ಡಿ ಶೇ. 12, ವರ್ಷಕ್ಕೆ 72 ಸಾವಿರ ಉಳಿಯುತ್ತಿತ್ತು. ಮಷಿನ್ ಬ್ಯಾಂಕಿಗೆ ಅಡವಿದ್ದು ಆ ದುಡ್ಡು ಅದರ ಸಾಲಕ್ಕೇ ಹೋಗುವುದಾದರೆ, ಓಡಿ ಬಡ್ಡಿಯ ಬದಲು ಆ ಸಾಲದ ಬಡ್ಡಿ ದರ ಹಾಕಿ. ಮಷಿನ್ ಇರುವ ಜಾಗ ಮಾರಿದ ಮೇಲೆ ಖಾಲಿಯೇ ಬಿದ್ದಿರುತ್ತದೆ ಅಂದಿದ್ದೀರಿ, ಹಾಗಾಗಿ ಅದರ ಅವಕಾಶ ವೆಚ್ಚ ಸೊನ್ನೆ. ಬಾಡಿಗೆಗೆ ಕೊಡುವ ಹಾಗಿದ್ದರೆ ಆ ಬಾಡಿಗೆಯನ್ನೂ ಕಳೆಯಬೇಕಿತ್ತು.

ಏಳೂವರೆಯಲ್ಲಿ ಒಂದೂವರೆ ಹೋಯಿತು, 72 ಸಾವಿರ ಹೋಯಿತು. ಉಳಿದದ್ದು 5 ಲಕ್ಷ 28 ಸಾವಿರ.

ಈಗ ಆಪರೇಟರ್. ಅವನ ಸಂಬಳ ಕಳೆಯಬೇಡಿ ಅಂದೆ, ಆದರೆ ಅವನ ಸಮಯ ಪುಕ್ಕಟೆ ಅಂತ ಹೇಳಲಿಲ್ಲ. ವಾರಕ್ಕೆ 3 ದಿನ, ವರ್ಷಕ್ಕೆ ಸುಮಾರು 150 ದಿನ ಅವನು ಬಾಕ್ಸ್ ಮಷಿನ್ ಮುಂದೆ ನಿಂತಿರುತ್ತಾನೆ. ಆ ದಿನ ಪ್ರಿಂಟಿಂಗ್‌ನ ಆಫ್‌ಸೆಟ್ ಮಷಿನ್ ಸುಮ್ಮನಿರುತ್ತದೆ. ಅಂಥ ಒಂದು ದಿನದ ಬೆಲೆ ಎಷ್ಟು? ಅವನ ದಿನಗೂಲಿ ಅಲ್ಲ. ಅವತ್ತು ಅವನು ಪ್ರಿಂಟಿಂಗ್ ಮಾಡಿದ್ದರೆ ಪೇಪರ್, ಇಂಕು, ಪ್ಲೇಟ್, ಕರೆಂಟ್ ಕಳೆದು ಎಷ್ಟು ಉಳಿಯುತ್ತಿತ್ತೋ ಅದು. ನಿಮ್ಮ ಬಿಲ್ಲುಗಳ ಪ್ರಕಾರ ಅದು ದಿನಕ್ಕೆ ಸುಮಾರು 6 ಸಾವಿರ.

ಆದರೆ 150 ದಿನವನ್ನು 6 ಸಾವಿರದಿಂದ ಗುಣಿಸಿ 9 ಲಕ್ಷ ಅಂತ ಬರೆದುಬಿಡಬೇಡಿ. ಅವಕಾಶ ವೆಚ್ಚ ಗೊತ್ತಿರುವವರೂ ಎಡವುವುದು ಇಲ್ಲೇ. ಆಪರೇಟರ್ ಬಿಡುವಾದ ಮಾತ್ರಕ್ಕೆ ಆರ್ಡರ್ ಹುಟ್ಟುವುದಿಲ್ಲ. ನೀವು ನಿಜವಾಗಿ ವಾಪಸ್ ಕಳಿಸಿದ ಪ್ರಿಂಟಿಂಗ್ ಕೆಲಸ ಎಷ್ಟು ದಿನದ್ದೋ, ಅಷ್ಟು ದಿನಕ್ಕೆ ಮಾತ್ರ 6 ಸಾವಿರದ ಬೆಲೆ. ಉಳಿದ ದಿನಗಳ ಬೆಲೆ ಸೊನ್ನೆ, ಯಾಕೆಂದರೆ ಅವತ್ತು ಅವನು ಸುಮ್ನೆ ಕೂತಿರುತ್ತಿದ್ದ.

ವರ್ಷಕ್ಕೆ 50 ದಿನದ ಪ್ರಿಂಟಿಂಗ್ ಕೆಲಸ ಬಿಟ್ಟಿದ್ದರೆ ಕಳೆದುಕೊಂಡದ್ದು 3 ಲಕ್ಷ. ಮಷಿನ್ ಕೊಡುತ್ತಿರುವುದು 5 ಲಕ್ಷ 28 ಸಾವಿರ, ಇಟ್ಟುಕೊಳ್ಳಬಹುದು. 100 ದಿನದ ಕೆಲಸ ಬಿಟ್ಟಿದ್ದರೆ 6 ಲಕ್ಷ ಹೋಯಿತು, ಮಾರುವುದು ವಾಸಿ. ಎರಡೂ ಸಮ ಆಗುವುದು 88 ದಿನಕ್ಕೆ. ವಾರಕ್ಕೆ ಎರಡು ದಿನಕ್ಕಿಂತ ಸ್ವಲ್ಪ ಕಡಿಮೆ. ನೀವು 20 ಲಕ್ಷ, 12 ಲಕ್ಷ, 1 ಲಕ್ಷ ಅಂತ ಎಷ್ಟೊಂದು ಅಂಕಿ ಕೊಟ್ಟಿರಿ. ತೀರ್ಮಾನ ನಿಂತಿರುವುದು ನೀವು ಕೊಡದ ಈ ಒಂದು ಅಂಕಿಯ ಮೇಲೆ.

ಅದನ್ನು ಊಹೆಯಿಂದ ತುಂಬಬೇಡಿ. ಎರಡು ಮೂರು ತಿಂಗಳು ಒಂದು ಪುಸ್ತಕ ಇಡಿ. ಬೇಡ ಅಂದ ಪ್ರತಿ ಪ್ರಿಂಟಿಂಗ್ ಆರ್ಡರ್‌ಗೂ ದಿನಾಂಕ, ಎಷ್ಟು ದಿನದ ಕೆಲಸ, ಎಷ್ಟು ಉಳಿಯುತ್ತಿತ್ತು ಅಂತ ಬರೆದುಕೊಳ್ಳಿ. "ಮುಂದಿನ ವಾರ ಕೊಡ್ತೀವಿ" ಅಂದದ್ದಕ್ಕೆ ಗಿರಾಕಿ ಒಪ್ಪಿಕೊಂಡಿದ್ದರೆ ಅದನ್ನು ಸೇರಿಸಬೇಡಿ, ಆ ಕೆಲಸ ತಪ್ಪಿಲ್ಲ, ತಡವಾಗಿದೆ ಅಷ್ಟೇ. ರೇಟ್ ಜಾಸ್ತಿ ಅಂತ ಹೋದವರನ್ನೂ ಸೇರಿಸಬೇಡಿ, ಆಪರೇಟರ್ ಇದ್ದಿದ್ದರೂ ಅವರು ಹೋಗುತ್ತಿದ್ದರು. ಹಾಗೆಯೇ ಒಂದೇ ದಿನ ಮೂರು ಆರ್ಡರ್ ಬಿಟ್ಟಿದ್ದರೆ ಅದು ಮೂರು ದಿನ ಆಗುವುದಿಲ್ಲ, ಆ ದಿನ ಒಬ್ಬ ಆಪರೇಟರ್ ಮಾಡಬಹುದಾಗಿದ್ದು ಒಂದು ದಿನದ ಕೆಲಸ ತಾನೇ? ಸೀಸನ್ನಿನ ಎರಡು ತಿಂಗಳು ನೋಡಿ ವರ್ಷಕ್ಕೆ ಆರರಿಂದ ಗುಣಿಸುವುದೂ ಬೇಡ. ಹೀಗೆ ಜರಡಿ ಹಿಡಿದರೆ ಮೊದಲು ತುಂಬಾ ಅನ್ನಿಸಿದ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ.

ಇನ್ನೊಂದು ಎಚ್ಚರ. ಒಂದೇ ದಿನಕ್ಕೆ ಎರಡು ಅವಕಾಶ ವೆಚ್ಚ ಹಾಕಬಾರದು. ಆ ದಿನ ಅವನು ಪ್ರಿಂಟಿಂಗ್ ಮಾಡಬಹುದಿತ್ತು, ಬೇರೆಯವರ ಯೂನಿಟ್‌ಗೆ ಹೋಗಿ ದುಡಿಯಬಹುದಿತ್ತು, ಹೊಸ ಹುಡುಗನಿಗೆ ಕೆಲಸ ಕಲಿಸಬಹುದಿತ್ತು ಅಂತ ಎಲ್ಲವನ್ನೂ ಕೂಡಿಸಿದರೆ ಯಾವ ಮಷಿನ್ನೂ ಉಳಿಯುವುದಿಲ್ಲ. ಕೈಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಒಂದನ್ನು ಮಾತ್ರ ತೆಗೆದುಕೊಳ್ಳಬೇಕು. ಮತ್ತೆ, ಇನ್ನೊಬ್ಬ ಆಪರೇಟರ್ ಸಿಕ್ಕ ದಿನ ಈ ಭಾಗದ ಲೆಕ್ಕವೇ ಬಿದ್ದುಹೋಗುತ್ತದೆ. ದಿನಕ್ಕೆ 2 ಸಾವಿರ ಕೊಟ್ಟರೆ ಬಂದು ಮಾಡಿಕೊಡುವವರು ಸಿಕ್ಕರೆ, ನಿಮ್ಮವನ ಒಂದು ದಿನದ ಅವಕಾಶ ವೆಚ್ಚ 2 ಸಾವಿರ ದಾಟುವುದಿಲ್ಲ. ದುಡ್ಡು ಕೊಟ್ಟು ತುಂಬಿಕೊಳ್ಳಬಹುದಾದ ಕೊರತೆಗೆ, ತುಂಬಿಕೊಳ್ಳಲು ಆಗುವ ಖರ್ಚೇ ಮಿತಿ. ಹಾಗಾಗಿ "ಸಿಕ್ತಿಲ್ಲ" ಅನ್ನುವುದನ್ನು ಇನ್ನೊಂದು ಸಲ ಗಟ್ಟಿ ಮಾಡಿಕೊಳ್ಳಿ. ಈಗ ಕೊಡುವ ಸಂಬಳಕ್ಕೆ ಸಿಗುತ್ತಿಲ್ಲವಾ, ಜಾಸ್ತಿ ಕೊಟ್ಟರೂ ಸಿಗುತ್ತಿಲ್ಲವಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಇಲ್ಲಿಯವರೆಗೆ ನೀವು ಕೇಳಿದ ಎರಡೇ ದಾರಿ ನೋಡಿದೆ. ನಿಮ್ಮ ಬಿಲ್ಲುಗಳನ್ನು ನೋಡುವಾಗ ಮೂರನೆಯದೂ ಕಂಡಿತು. ನನಗೆ ಅದೇ ಹೆಚ್ಚು ಇಷ್ಟವಾಯಿತು.

ನೀವು ಕಳಿಸಿದ ಎರಡು ಬಾಕ್ಸ್ ಆರ್ಡರ್ ಪಕ್ಕಪಕ್ಕ ಇಡಿ. ಒಂದು ಸಾದಾ ಬಾಕ್ಸ್, ಬಿಲ್ 40 ಸಾವಿರ. ಬೋರ್ಡ್, ಡೈ, ಅಂಟು, ಕರೆಂಟ್ ಕಳೆದು 18 ಸಾವಿರ ಉಳಿದಿದೆ, ನೂರಕ್ಕೆ 45. ಇನ್ನೊಂದು ಮೂಲೆ ಮೂಲೆಗೂ ಮಡಿಕೆ ಇರುವ ವಿಶೇಷ ಆಕಾರದ ಬಾಕ್ಸ್, ಬಿಲ್ 24 ಸಾವಿರ. ಉಳಿದದ್ದು ಹನ್ನೆರಡೂವರೆ ಸಾವಿರ, ನೂರಕ್ಕೆ 52. ಎರಡನೆಯದರಲ್ಲೇ ಮಾರ್ಜಿನ್ ಜಾಸ್ತಿ, ಅಂಥ ಕೆಲಸವೇ ಬೇಕು ಅಂತ ಬರೆದಿದ್ದೀರಿ. ಆದರೆ ಮೊದಲನೆಯದು 2 ದಿನದಲ್ಲಿ ಮುಗಿದಿದೆ, ಎರಡನೆಯದಕ್ಕೆ ಡೈ ಕೂರಿಸಿ, ಸರಿ ಮಾಡಿ, ನಿಧಾನವಾಗಿ ಓಡಿಸಿ 5 ದಿನ ಹಿಡಿದಿದೆ. ಮೊದಲನೆಯದು ಆಪರೇಟರ್‌ನ ಒಂದು ದಿನಕ್ಕೆ 9 ಸಾವಿರ ಕೊಟ್ಟಿದೆ, ಎರಡನೆಯದು ಎರಡೂವರೆ ಸಾವಿರ. ಅದೇ ದಿನ ಪ್ರಿಂಟಿಂಗ್ ಮಾಡಿದ್ದರೆ 6 ಸಾವಿರ.

ನಿಮ್ಮ ಯೂನಿಟ್‌ನಲ್ಲಿ ಕೊರತೆ ಇರುವುದು ಮಷಿನ್‌ಗೂ ಅಲ್ಲ, ಜಾಗಕ್ಕೂ ಅಲ್ಲ, ಒಬ್ಬ ಮನುಷ್ಯನ ದಿನಗಳಿಗೆ. ಅಂಥ ಕಡೆ ಬಿಲ್ಲಿನ ಮೇಲಿನ ಶೇಕಡಾ ಲಾಭ ನೋಡಿದರೆ ದಾರಿ ತಪ್ಪುತ್ತದೆ. ಅವನ ಒಂದು ದಿನಕ್ಕೆ ಎಷ್ಟು ಉಳಿಯಿತು ಅಂತ ನೋಡಬೇಕು. ಪ್ರಿಂಟಿಂಗ್ ಆರ್ಡರ್ ಕೈಯಲ್ಲಿರುವಾಗ 6 ಸಾವಿರಕ್ಕಿಂತ ಕಡಿಮೆ ಕೊಡುವ ಬಾಕ್ಸ್ ಕೆಲಸ ಬೇಡ ಅನ್ನಿ, ಇಲ್ಲವೇ ರೇಟ್ ಏರಿಸಿ ಹೇಳಿ. ಪ್ರಿಂಟಿಂಗ್ ಇಲ್ಲದ ವಾರ ಅದೇ ಎರಡೂವರೆ ಸಾವಿರದ ಕೆಲಸವನ್ನು ಖುಷಿಯಿಂದ ತೆಗೆದುಕೊಳ್ಳಿ, ಆ ದಿನದ ಬೆಲೆ ಸೊನ್ನೆ ಇರುವಾಗ ಅದೂ ಲಾಭವೇ. ಒಂದೇ ಆರ್ಡರ್ ಒಂದು ವಾರ ನಷ್ಟ, ಇನ್ನೊಂದು ವಾರ ಲಾಭ ಆಗಬಹುದು.

ವರ್ಷದಲ್ಲಿ ಇಂಥ ಎರಡೂವರೆ ಸಾವಿರದ 50 ದಿನ ತೆಗೆದು ಅಲ್ಲಿ ಪ್ರಿಂಟಿಂಗ್ ಕೂರಿಸಿದರೆ ದಿನಕ್ಕೆ ಮೂರೂವರೆ ಸಾವಿರ ಜಾಸ್ತಿ, ಒಟ್ಟು 1 ಲಕ್ಷ 75 ಸಾವಿರ. ಮಷಿನ್ ಇಟ್ಟುಕೊಳ್ಳುವುದರ ಲಾಭ 5 ಲಕ್ಷ 28 ಸಾವಿರದಿಂದ 7 ಲಕ್ಷ 3 ಸಾವಿರಕ್ಕೆ ಏರುತ್ತದೆ. ಮಾರುವುದು ವಾಸಿ ಅನ್ನಿಸಲು ಈಗ 88 ದಿನ ಸಾಲದು, ಸುಮಾರು 117 ದಿನದ ಪ್ರಿಂಟಿಂಗ್ ಕೆಲಸ ಬೇಕು. ನೀವು ಅಷ್ಟು ಬಿಡುತ್ತಿರುವ ಹಾಗೆ ಕಾಣುವುದಿಲ್ಲ. ಆದ್ದರಿಂದ ಸದ್ಯಕ್ಕೆ ಮಾರಬೇಡಿ, ಆದರೆ ಈಗ ನಡೆಸುತ್ತಿರುವ ರೀತಿಯಲ್ಲೂ ನಡೆಸಬೇಡಿ ಅನ್ನುವುದು ನನ್ನ ಸಲಹೆ. ಒಂದು ಮಿತಿ ಇದೆ. ವಿಶೇಷ ಬಾಕ್ಸ್ ಕೇಳುವ ಗಿರಾಕಿಯೇ ಸಾದಾ ಬಾಕ್ಸನ್ನೂ ಕೊಡುತ್ತಿದ್ದರೆ, ಒಂದನ್ನು ಬೇಡ ಅಂದಾಗ ಇನ್ನೊಂದೂ ಹೋಗಬಹುದು. ಅಂಥವರ ಆರ್ಡರ್‌ಗಳನ್ನು ಬಿಡಿಬಿಡಿಯಾಗಿ ಅಲ್ಲ, ಒಟ್ಟಿಗೆ ಸೇರಿಸಿ ದಿನಕ್ಕೆಷ್ಟು ಅಂತ ನೋಡಿ.

ಅಣ್ಣನ ವಿಷಯ. ಅವರು ಹಟ ಮಾಡುತ್ತಿದ್ದಾರೆ ಅಂತ ಬೇಸರ ಮಾಡಿಕೊಳ್ಳಬೇಡಿ. 1976ರಲ್ಲಿ ಬ್ಯಾರಿ ಸ್ಟಾ ಅನ್ನುವ ಸಂಶೋಧಕರು ಬಿಸಿನೆಸ್ ಓದುವ ವಿದ್ಯಾರ್ಥಿಗಳಿಗೆ ಒಂದು ಕಲ್ಪಿತ ಕಂಪನಿಯ ದುಡ್ಡು ಹಂಚುವ ಕೆಲಸ ಕೊಟ್ಟು ಇದನ್ನು ಪರೀಕ್ಷಿಸಿದ್ದರು. ಮೊದಲ ಸಲ ತಾವೇ ಒಂದು ವಿಭಾಗ ಆರಿಸಿ, ಅದು ನೆಲಕಚ್ಚಿದ್ದನ್ನು ಕಂಡವರು ಎರಡನೇ ಸಲ ಅದೇ ವಿಭಾಗಕ್ಕೆ ಇನ್ನೂ ಜಾಸ್ತಿ ದುಡ್ಡು ಕೊಟ್ಟರು. ಬೇರೆ ಯಾರೋ ಆರಿಸಿದ್ದ ವಿಭಾಗ ಬಿದ್ದಾಗ ಅಷ್ಟು ಕೊಡಲಿಲ್ಲ. ನನ್ನ ಅನುಭವವೂ ಇದೇ. ದುಡ್ಡಿಗಿಂತ ಜಾಸ್ತಿ ಕಾಡುವುದು "ನಾನು ಹೇಳಿದ್ದು ತಪ್ಪಾಯಿತು" ಅನ್ನುವುದು. ಹಾಗಾಗಿ ಮೇಲಿನ ಲೆಕ್ಕವನ್ನು ಅಣ್ಣನಿಂದ ಮಾಡಿಸಬೇಡಿ, ನೀವು ಮಾಡಿ ತೋರಿಸಿ. ಎರಡು ವರ್ಷದ ಹಿಂದೆ ತಗೊಂಡದ್ದು ಸರಿಯಾ ತಪ್ಪಾ ಅನ್ನುವ ಮಾತೇ ಎತ್ತಬೇಡಿ, ಈ ತೀರ್ಮಾನಕ್ಕೆ ಅದು ಬೇಕಾಗಿಲ್ಲ.

ಹಳೆಯದನ್ನೆಲ್ಲ ಮರೆಯಿರಿ ಅಂತ ನಾನು ಹೇಳುತ್ತಿಲ್ಲ. ಹಾಕಿದ ದುಡ್ಡು ಲೆಕ್ಕಕ್ಕೆ ಬೇಡ, ಆದರೆ ಅದರಿಂದ ತಿಳಿದದ್ದು ಬೇಕು. 40 ಲಕ್ಷ ಅಂದುಕೊಂಡಲ್ಲಿ ಎರಡು ವರ್ಷವೂ 24 ಬಂದಿದೆ. "ಮುಂದಿನ ವರ್ಷ ಕೆಲಸ ಹೆಚ್ಚಾಗುತ್ತೆ" ಅಂತ ಯಾರಾದರೂ ಹೇಳಿದರೆ, ಯಾವ ಗಿರಾಕಿಯಿಂದ, ಎಷ್ಟು ಅಂತ ಕೇಳಿ. ಹೆಸರು ಹೇಳದಿದ್ದರೆ 24ನ್ನೇ ಇಟ್ಟುಕೊಳ್ಳಿ. ನಾನು ಮೇಲೆ ಹಾಕಿದ್ದೂ ಅದನ್ನೇ.

ಕೊನೆಯದಾಗಿ ರಿಪೇರಿ. ಈ ವಯಸ್ಸಿನ ಮಷಿನ್‌ಗೆ ಒಂದು ದೊಡ್ಡ ರಿಪೇರಿ ಬರಬಹುದು, 2 ಲಕ್ಷದ್ದು ಅಂದುಕೊಳ್ಳಿ. ಆ ದಿನ ಲೆಕ್ಕ ಹೊಸದಾಗಿ ಮಾಡಬೇಕು. ಕೆಟ್ಟ ಮಷಿನ್ ಇದ್ದ ಹಾಗೆಯೇ ಎಷ್ಟಕ್ಕೆ ಹೋಗುತ್ತದೆ, ಸರಿ ಮಾಡಿದ ಮೇಲೆ ಎಷ್ಟಕ್ಕೆ ಹೋಗುತ್ತದೆ, ಸರಿ ಮಾಡಿ ಇನ್ನೊಂದು ವರ್ಷ ನಡೆಸಿದರೆ ಎಷ್ಟು ಉಳಿಯುತ್ತದೆ, ಈ ಮೂರು ಅಂಕಿ ಸಾಕು. ಮೆಕ್ಯಾನಿಕ್ ಮಷಿನ್ ಬಿಚ್ಚುವ ಮೊದಲೇ ಕೊಳ್ಳುವವರಿಗೆ ಒಂದು ಫೋನ್ ಮಾಡಿ, ಇದ್ದ ಹಾಗೆಯೇ ಎಷ್ಟು ಕೊಡುತ್ತೀರಿ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆಪರೇಟರ್ ಕೆಲಸ ಬಿಟ್ಟರೆ, ಅಥವಾ ಪುಸ್ತಕದಲ್ಲಿ ಬಿಟ್ಟ ಆರ್ಡರ್ ವಾರಕ್ಕೆ ಎರಡು ದಿನ ದಾಟಿದರೆ ಆಗಲೂ ಹೀಗೆಯೇ ಮತ್ತೆ ಕೂತು ನೋಡಿ. ಮೂರು ತಿಂಗಳ ಪುಸ್ತಕ ಆದ ಮೇಲೆ ಅದರ ಅಂಕಿಗಳನ್ನು ಕಳಿಸಿದರೆ ನಾನೂ ಒಂದು ಸಲ ನೋಡುತ್ತೇನೆ.